ಬೆಲ್ಲದ ದರಪತ್ರ ಬರೆಯುವ ಸಂಘಗಳಿಗೆ ಐದು ಸೂತ್ರಗಳು

‘ಕೆ.ಜಿ.ಗೆ ಎಷ್ಟು?’ ಅಂಗಡಿಯವರು ಕೇಳುವುದು ಇಷ್ಟೇ. ಉತ್ತರವನ್ನೂ ಒಂದೇ ಅಂಕಿಯಲ್ಲಿ ಬರೆದು ಕಳಿಸಿದ ಸಂಘ ಗಾಡಿ ಬಾಡಿಗೆ ಕೊಡುವ ದಿನ ಕೈ ಸುಟ್ಟುಕೊಳ್ಳುತ್ತದೆ. ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯ ರೈತರ ಸಂಘವೊಂದು ಬೆಂಗಳೂರಿನ ಅಂಗಡಿಗೆ ದರಪತ್ರ ಬರೆಯುತ್ತಿದೆ ಎಂದಿಟ್ಟುಕೊಳ್ಳೋಣ. ಇಲ್ಲಿರುವ ರೂಪಾಯಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನ ದರವನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

1. ಯಾವ ಬೆಲ್ಲ ಎಂಬುದು ಮೊದಲ ಸಾಲಿನಲ್ಲಿರಲಿ. ಅಚ್ಚು, ಉಂಡೆ, ಬಕೆಟ್, ಪುಡಿ, ಒಂದೊಂದಕ್ಕೂ ಒಂದೊಂದು ದರ. ಬಣ್ಣವನ್ನೂ ಬರೆಯಿರಿ. ಹೈಡ್ರೋಸ್ ಹಾಕದೆ, ಬೆಂಡೆ ಗಿಡದ ಲೋಳೆಯಲ್ಲಿ ಮಡ್ಡಿ ತೆಗೆದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಳದಿ ಬೆಲ್ಲ ಬರುತ್ತದೆಂದು ಕಾದಿದ್ದ ಅಂಗಡಿಯವರು ಮಾಲು ಇಳಿಸಿಕೊಳ್ಳುವಾಗ ತಕರಾರು ತೆಗೆಯುತ್ತಾರೆ. ಪತ್ರದ ಜೊತೆ ಅದೇ ಪಾಕದ ಒಂದು ಅಚ್ಚು ಮಾದರಿಗೆ ಕಳಿಸಿದರೆ ಆ ಮಾತಿಗೆ ಜಾಗವಿಲ್ಲ. ಆಹಾರ ಸುರಕ್ಷತಾ ನಿಯಮದಂತೆ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರುವಂತಿಲ್ಲ. ‘ರಾಸಾಯನಿಕ ರಹಿತ’ ಎಂದು ಬರೆಯುವುದಾದರೆ ಪ್ರಯೋಗಾಲಯದ ವರದಿಯ ಪ್ರತಿಯನ್ನೂ ಲಗತ್ತಿಸಿ. ವರದಿ ಇಲ್ಲದಿದ್ದರೆ ಆ ಪದ ಬೇಡ.

2. ದರವನ್ನು ಒಡೆದು ಲೆಕ್ಕ ಹಾಕಿ. ಆಲೆಮನೆಯಲ್ಲಿ ಬೆಲ್ಲ ಕೆ.ಜಿ.ಗೆ 60 ರೂಪಾಯಿ. ಚೂರು, ಪುಡಿಯಾಗಿ ಹೋಗುವುದಕ್ಕೆ ಶೇ 2, ಅಂದರೆ 1.20. ಒಂದು ಕೆ.ಜಿ.ಯ ಕವರು, ಲೇಬಲ್ ಸೇರಿ 3. ಇಪ್ಪತ್ತು ಪೊಟ್ಟಣ ಹಿಡಿಯುವ ರಟ್ಟಿನ ಪೆಟ್ಟಿಗೆಗೆ 40 ರೂಪಾಯಿ, ಹಾಗಾಗಿ ಪೊಟ್ಟಣಕ್ಕೆ 2. ತುಂಬುವ ಕೂಲಿ 1.50. ಅಲ್ಲಿಗೆ 67.70 ಆಯಿತು. ಸಂಘದ ಪಾಲು 4.30 ಸೇರಿಸಿದರೆ 72. ಇದು ನಿಮ್ಮ ಬಾಗಿಲಲ್ಲಿ ಗಾಡಿಗೆ ಏರಿಸುವ ದರ. ಸಂಘದ ಪಾಲನ್ನು ಅಂಗಡಿಗೆ ಬಿಡಿಸಿ ಹೇಳಬೇಕಿಲ್ಲ. ಸಂಘದ ಪುಸ್ತಕದಲ್ಲಿ ಮಾತ್ರ ಬಿಡಿಬಿಡಿಯಾಗಿ ಇರಲೇಬೇಕು.

3. ಬಾಡಿಗೆ ಟ್ರಿಪ್ಪಿನ ಲೆಕ್ಕದ್ದು, ಕೆ.ಜಿ.ಯದ್ದಲ್ಲ. ಬಹಳ ಸಂಘಗಳು ಎಡವುವುದು ಇಲ್ಲೇ. ಸಣ್ಣ ಗೂಡ್ಸ್ ಗಾಡಿಗೆ 4,500 ರೂಪಾಯಿ ಎನ್ನಿ. ಸಾವಿರ ಕೆ.ಜಿ. ಹೋದರೆ ಕೆ.ಜಿ.ಗೆ 4.50 ಬೀಳುತ್ತದೆ, ಅಂಗಡಿ ತಲುಪಿದ ದರ 76.50. ಪತ್ರದಲ್ಲಿ ಅದೊಂದನ್ನೇ ಬರೆದಿದ್ದೀರಿ, ಅಂಗಡಿಯವರು 500 ಕೆ.ಜಿ. ಮಾತ್ರ ತರಿಸಿದರು. ಗಾಡಿಯವನು ಅರ್ಧ ಬಾಡಿಗೆಗೆ ಬರುವುದಿಲ್ಲ. ಖರ್ಚು ಕೆ.ಜಿ.ಗೆ 9 ಆಗುತ್ತದೆ. ಸಂಘದ ಪಾಲಿನ 4.30 ಪೂರ್ತಿ ಹೋಗಿ, ಮೇಲೆ 20 ಪೈಸೆ ಕೈಯಿಂದ ಕಳೆಯುತ್ತದೆ. ಆದ್ದರಿಂದ ಎರಡು ದರ ಬರೆಯಿರಿ: 1,000 ಕೆ.ಜಿ.ಗೆ 76.50, 500 ಕೆ.ಜಿ.ಗೆ 81. ಅದಕ್ಕೂ ಕಡಿಮೆ ಬೇಕೆಂದರೆ ಬಾಗಿಲ ದರ 72, ಗಾಡಿ ಅವರದೇ. ಹಮಾಲಿಯನ್ನು ಮರೆಯಬೇಡಿ: ಏರಿಸುವುದು ನಮ್ಮದು, ಇಳಿಸಿಕೊಳ್ಳುವುದು ಅಂಗಡಿಯವರದು ಎಂದು ಒಂದು ಸಾಲು ಸೇರಿಸಿ.

4. ತೆರಿಗೆ ಪ್ರತ್ಯೇಕ ಸಾಲಿನಲ್ಲಿ ಬರಲಿ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ, 25 ಕೆ.ಜಿ.ವರೆಗಿನ ಬೆಲ್ಲಕ್ಕೆ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ಮಾರುವ ಬೆಲ್ಲಕ್ಕೆ ಅದು ಇಲ್ಲ. ಜಿಎಸ್‌ಟಿ ನೋಂದಣಿ ಇರುವ ಸಂಘ ಬೆಲ್ಲವನ್ನು ಅಂಗಡಿಗೇ ತಲುಪಿಸಿ ಬಾಡಿಗೆ ಸೇರಿಸಿ ಬಿಲ್ ಮಾಡಿದರೆ ಆ ಬಾಡಿಗೆಯೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ: 81ಕ್ಕೆ 4.05 ಸೇರಿ 85.05. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ.

5. ತೂಕ, ಮಳೆ, ಗಡುವು. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕವರಿನ ಒಳಗೋಡೆಗೆ ಅಂಟಿ, ಅಚ್ಚಿನ ಅಂಚು ಕರಗಿ ನಿಂತರೆ ಬೆಸುಗೆ ಬಿಟ್ಟಿದೆ ಎಂದೇ ತಿಳಿಯಿರಿ. ಹೀಗೆ ಕರಗಿದ, ಒಡೆದ ಪೊಟ್ಟಣಗಳನ್ನು ಇಳಿಸುವಾಗಲೇ ಎಣಿಸಿ ರಸೀದಿಯಲ್ಲಿ ಬರೆಸಿದರೆ ಮಾತ್ರ ಬದಲಿ ಎಂದು ಹೇಳಿಬಿಡಿ. ದರ ನಿವ್ವಳ ತೂಕಕ್ಕೆ, ಪೆಟ್ಟಿಗೆ ಸೇರಿದ ತೂಕಕ್ಕಲ್ಲ. ಮಂಡಿಯಲ್ಲಿ ದರ ಏರಿಳಿಯುವ ಸರಕಿದು, ಗಡುವಿಲ್ಲದ ಪತ್ರವನ್ನು ಎರಡು ತಿಂಗಳ ಮೇಲೂ ಮುಂದಿಟ್ಟು ಕೇಳುವವರಿದ್ದಾರೆ.

ಇಷ್ಟೂ ಸೇರಿದ ಪತ್ರದ ಒಡಲು ಹೀಗಿರಬಹುದು:

“ಮಾನ್ಯರೇ, ತಾವು ಕೇಳಿದ ಅಚ್ಚು ಬೆಲ್ಲ (ಕಂದು ಬಣ್ಣ, 1 ಕೆ.ಜಿ. ಪೊಟ್ಟಣ, ಪೆಟ್ಟಿಗೆಗೆ 20) ನಿವ್ವಳ ಕೆ.ಜಿ. ದರ: ನಮ್ಮ ಬಾಗಿಲಲ್ಲಿ ರೂ. 72, ತಮ್ಮ ಅಂಗಡಿಗೆ ತಲುಪಿಸಿ 500 ಕೆ.ಜಿ.ಗೆ ರೂ. 81, 1,000 ಕೆ.ಜಿ.ಗೆ ರೂ. 76.50. ಜಿಎಸ್‌ಟಿ ಶೇ 5 ಪ್ರತ್ಯೇಕ. ಇಳಿಸುವ ಕೂಲಿ ತಮ್ಮದು. ಕರಗಿದ, ಒಡೆದ ಪೊಟ್ಟಣಗಳನ್ನು ಇಳಿಸುವಾಗಲೇ ಎಣಿಸಿ ರಸೀದಿಯಲ್ಲಿ ಬರೆಸಿದರೆ ಮಾತ್ರ ಬದಲಿ. ಅರ್ಧ ಹಣ ಮುಂಗಡ, ಉಳಿದದ್ದು ಮಾಲು ತಲುಪಿದ ದಿನ. ಈ ದರ ಇಂದಿನಿಂದ 7 ದಿನ ಮಾತ್ರ. ಮಾದರಿ ಕಳಿಸಿದ್ದೇವೆ.”

ತಾರೀಕು, ಸಂಘದ ಮುದ್ರೆ, ಅಧ್ಯಕ್ಷರ ಸಹಿ ಹಾಕಿ ಕಳಿಸಿ. ಅಂಗಡಿಯವರು ‘ಒಪ್ಪಿದೆ’ ಎಂದು ಬರೆದು ಸಹಿ ಮಾಡಿದ ಪ್ರತಿ ಕೈಗೆ ಬರುವವರೆಗೆ ಗಾಡಿಗೆ ಮುಂಗಡ ಕೊಡಬೇಡಿ.