ಸಂಬಳವೂ ಅಲ್ಲದ, ಡಿವಿಡೆಂಡೂ ಅಲ್ಲದ 18 ಲಕ್ಷ

ರಾಯಚೂರಿನಲ್ಲಿ ನಮ್ಮದೊಂದು ಹತ್ತಿ ಜಿನ್ನಿಂಗ್ ಕಂಪನಿ, ಪ್ರೈವೇಟ್ ಲಿಮಿಟೆಡ್. ಡೈರೆಕ್ಟರುಗಳು ನಾನು ಮತ್ತು ನಮ್ಮಣ್ಣ, ಇಬ್ಬರೇ, ಶೇರು ಅರ್ಧರ್ಧ. ದೇವದುರ್ಗ ಕಡೆಯ ಖರೀದಿ ನಾನು ನೋಡುತ್ತೇನೆ, ಮಾನ್ವಿ ಕಡೆಯದು ಅಣ್ಣ. 2021-22ರಲ್ಲಿ ಅಣ್ಣ ಮಾನ್ವಿಯಲ್ಲಿ ಮನೆ ಕಟ್ಟಿಸಿದ. ಕಂಬಿ, ಸಿಮೆಂಟು, ಗಾರೆಯವರ ಕೂಲಿ ಎಲ್ಲಕ್ಕೂ ಕಂಪನಿ ಖಾತೆಯಿಂದಲೇ ಚೆಕ್ಕು ಹೋಗುತ್ತಿತ್ತು. ಸಂಬಳವೆಂದು ಗೊತ್ತು ಮಾಡಿ ತಗೋ ಎಂದು ನಾನು ಹೇಳಿದಾಗಲೆಲ್ಲ ಅವನ ಉತ್ತರ ಒಂದೇ: "ನಮ್ದ ಕಂಪನಿ, ನಮ್ದ ರೊಕ್ಕ. ಇದರಾಗ ಯಾರ್ನ ಕೇಳೋದೈತಿ?" ಲೆಕ್ಕ ಬರೆಯುವವರೂ ಅದಕ್ಕೆ ತಲೆಯಾಡಿಸಿ, ಅಷ್ಟನ್ನೂ "ಡೈರೆಕ್ಟರ್ ಕರೆಂಟ್ ಅಕೌಂಟ್" ಎಂಬ ಲೆಡ್ಜರಿಗೆ ಹಾಕಿದರು. ವರ್ಷಕ್ಕೆ 18 ಲಕ್ಷ ಆಯಿತು. ಮಾರ್ಚಿನಲ್ಲಿ ಅಣ್ಣ ಕೈಗಡ ತಂದು, ಪೂರ್ತಿ ಹಣ ವಾಪಸ್ ಕಟ್ಟಿದ. ಲೆಡ್ಜರು ಸೊನ್ನೆಗೆ ಬಂತು, ಕೆಲಸ ಮುಗಿಯಿತು ಎಂದು ಎಲ್ಲರೂ ಸುಮ್ಮನಾದರು.

ಆಮೇಲೆ ಆ ವರ್ಷದ ರಿಟರ್ನು ಸ್ಕ್ರೂಟಿನಿಗೆ ಬಂತು. ಈಗ ಕಚೇರಿಗೆ ಹೋಗಿ ಎದುರು ಕೂತು ಮಾತಾಡುವ ಪದ್ಧತಿ ಇಲ್ಲ, ಎಲ್ಲವೂ ಪೋರ್ಟಲ್‌ನಲ್ಲೇ. ಮೊದಲಿನ ನೋಟಿಸುಗಳಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟು, ಲೆಡ್ಜರು ಕೇಳಿದರು, ಕೊಟ್ಟೆವು. ಆಮೇಲೆ ಬಂದದ್ದು ಶೋಕಾಸ್ ನೋಟಿಸು. ಸೀಸನ್ನಿನ ನಡುವೆ, ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗ, ತೂಕದ ಕೋಣೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದೆ. ಅಣ್ಣ ತೆಗೆದ ಒಂದೊಂದು ಮೊತ್ತವನ್ನೂ ತಾರೀಖಿನ ಸಮೇತ ಕೋಷ್ಟಕ ಮಾಡಿದ್ದರು. ಪಕ್ಕದ ಕಾಲಂನಲ್ಲಿ ನಮ್ಮ ಲೆಡ್ಜರಿನದೇ ಮಾತುಗಳು: "ಮನೆ ಖರ್ಚು", "ಸಿಮೆಂಟ್", "ಸ್ವಂತಕ್ಕೆ". ಕೆಳಗೆ ಕಂಪನಿಯ ಸಂಚಿತ ಲಾಭ 26 ಲಕ್ಷ ಎಂದು ನಮ್ಮ ಬ್ಯಾಲೆನ್ಸ್ ಶೀಟಿನಿಂದಲೇ ಎತ್ತಿ ಬರೆದಿದ್ದರು. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 2(22)(e) ಪ್ರಕಾರ ಈ 18 ಲಕ್ಷವನ್ನು ಡಿವಿಡೆಂಡ್ ಎಂದು ಏಕೆ ಎಣಿಸಬಾರದು ಎಂಬುದು ಪ್ರಶ್ನೆ. ಶೇಕಡಾ 10 ಅಥವಾ ಹೆಚ್ಚು ಮತಾಧಿಕಾರದ ಶೇರುದಾರನಿಗೆ ಪ್ರೈವೇಟ್ ಕಂಪನಿ ಸಾಲ ಇಲ್ಲವೇ ಮುಂಗಡ ಕೊಟ್ಟರೆ, ಸಂಚಿತ ಲಾಭದ ಮಿತಿಯವರೆಗೆ ಅದು ಡಿವಿಡೆಂಡೇ ಎನ್ನುತ್ತದೆ ಆ ಸೆಕ್ಷನ್. ಗಾಡಿಯವರು ಹೊರಗೆ ಕೂಗುತ್ತಿದ್ದರು. ನಾನು ಆ ಕೋಷ್ಟಕವನ್ನು ಮತ್ತೆ ಮತ್ತೆ ಓದುತ್ತಾ ಕೂತೆ. ಅದರಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ, ಅದಕ್ಕೇ ಹೊಟ್ಟೆ ಉರಿಯಿತು.

ಹಣ ವಾಪಸ್ ಬಂದಿದೆಯಲ್ಲ ಎಂದು ಅಣ್ಣ ವಾದಿಸಿದ. ನಮ್ಮ ವಕೀಲರು ತರುಲತಾ ಶ್ಯಾಮ್ ಪ್ರಕರಣದ 1977ರ ಸುಪ್ರೀಂ ಕೋರ್ಟ್ ತೀರ್ಪು ಮುಂದಿಟ್ಟರು. ಅದೇ ವರ್ಷದೊಳಗೆ ತೀರಿಸಿದರೂ, ಕೊಟ್ಟ ಕ್ಷಣದಲ್ಲೇ ಅದು ಡಿವಿಡೆಂಡ್ ಆಗಿಬಿಟ್ಟಿರುತ್ತದೆ. ಹತ್ತಿ ಖರೀದಿಗೆ ಕೊಟ್ಟ ಮುಂಗಡ ಎಂದು ತೋರಿಸೋಣ ಎಂದರು ಲೆಕ್ಕದವರು. ನಿಜವಾದ ವ್ಯಾಪಾರದ ಮುಂಗಡ ಈ ಸೆಕ್ಷನ್ನಿಗೆ ಒಳಪಡುವುದಿಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿಯೇ 2017ರ 19ನೇ ಸುತ್ತೋಲೆಯಲ್ಲಿ ಒಪ್ಪಿದೆ. ಆದರೆ ಅದಕ್ಕೆ ಖರೀದಿ ಪಟ್ಟಿ ಬೇಕು, ತೂಕದ ಚೀಟಿ ಬೇಕು, ಬಂದ ಮಾಲು ಸ್ಟಾಕ್ ರಿಜಿಸ್ಟರಿನಲ್ಲಿ ಕಾಣಬೇಕು. ನಮ್ಮ ಲೆಡ್ಜರಿನಲ್ಲಿ ಇದ್ದದ್ದು "ಸಿಮೆಂಟ್". ಇಲ್ಲದ ಚೀಟಿ ಹುಟ್ಟಿಸುವುದಕ್ಕೆ ನಾನು ಒಪ್ಪಲಿಲ್ಲ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದ, ಬೇರೆ ತೆರಿಗೆ ಆದಾಯವಿಲ್ಲದ ಅಣ್ಣನಿಗೆ 18 ಲಕ್ಷದ ಮೇಲೆ 3,66,600 ರೂಪಾಯಿ ತೆರಿಗೆ ಬಿತ್ತು, ಬಡ್ಡಿ ಬೇರೆ. ಡಿವಿಡೆಂಡಿನ ಮೇಲೆ ಶೇಕಡಾ 10 ಟಿಡಿಎಸ್ ಹಿಡಿಯಲಿಲ್ಲವೆಂದು ಕಂಪನಿಗೂ ಬಡ್ಡಿ ಬಿತ್ತು. ಮನೆಯಲ್ಲಿ ಎಲ್ಲರೂ ಈ ಮೂರೂವರೆ ಲಕ್ಷಕ್ಕೇ ಅತ್ತರು. ನಿಜವಾದ ಪೆಟ್ಟು ಅದಲ್ಲ. ಅದೇ 18 ಲಕ್ಷವನ್ನು ತಿಂಗಳಿಗೆ ಒಂದೂವರೆ ಲಕ್ಷದಂತೆ ಸಂಬಳವಾಗಿ ಪಡೆದಿದ್ದರೂ ಅಣ್ಣನ ತೆರಿಗೆ 3,51,000 ಆಗುತ್ತಿತ್ತು, ಹೆಚ್ಚುಕಡಿಮೆ ಅಷ್ಟೇ. ಆದರೆ ಸಂಬಳ ಕಂಪನಿಯ ಖರ್ಚು. ನಾವು 115BAA ದರದಲ್ಲಿದ್ದೇವೆ, ಸರ್ಚಾರ್ಜು ಸೆಸ್ಸು ಸೇರಿ ಶೇಕಡಾ 25.168. ಆ ಲೆಕ್ಕದಲ್ಲಿ ಕಂಪನಿಯ ತೆರಿಗೆ 4,53,024 ರೂಪಾಯಿ ಇಳಿಯುತ್ತಿತ್ತು. ಅಣ್ಣನ ಹಟದಿಂದ ಹೋದದ್ದು ಅದು. ಒಂದೇ ಲಾಭಕ್ಕೆ ಕಂಪನಿಯೂ ಕಟ್ಟಿತು, ಅವನೂ ಕಟ್ಟಿದ.

2020ರ ಏಪ್ರಿಲ್‌ನಿಂದ ಡಿವಿಡೆಂಡಿಗೆ ಕಂಪನಿ ಕಟ್ಟುತ್ತಿದ್ದ ವಿತರಣಾ ತೆರಿಗೆ ಹೋಗಿ, ಪಡೆದವನೇ ತನ್ನ ಸ್ಲ್ಯಾಬಿನಂತೆ ಕಟ್ಟಬೇಕಾಗಿದೆ. ಆದ್ದರಿಂದ ಸಂಬಳವೋ ಡಿವಿಡೆಂಡೋ ಎಂಬ ಲೆಕ್ಕವನ್ನು ಎರಡೂ ಕಡೆಯ ತೆರಿಗೆ ಕೂಡಿಸಿಯೇ ಹಾಕಬೇಕು. 2025-26ಕ್ಕೆ ನಾನೇ ಕೂತು ಹಾಕಿದ ಲೆಕ್ಕ ಇದು. ಡೈರೆಕ್ಟರುಗಳಿಗೆ ಏನೂ ಕೊಡುವ ಮುಂಚೆ ಲಾಭ 30 ಲಕ್ಷ, ಇಬ್ಬರೂ ಹೊಸ ತೆರಿಗೆ ಪದ್ಧತಿ. ಎಲ್ಲವನ್ನೂ ಡಿವಿಡೆಂಡ್ ಮಾಡಿದರೆ ಮೊದಲು ಕಂಪನಿ 7,55,040 ಕಟ್ಟಬೇಕು. ಉಳಿದದ್ದರಲ್ಲಿ ತಲಾ 11,22,480 ಬರುತ್ತದೆ. 12 ಲಕ್ಷದೊಳಗಿರುವುದರಿಂದ ರಿಯಾಯಿತಿ ಸಿಕ್ಕಿ ನಮಗೆ ತೆರಿಗೆ ಇಲ್ಲ. ಅದರ ಬದಲು ತಲಾ 12.75 ಲಕ್ಷ ಸಂಬಳ ಕೊಟ್ಟರೆ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸರಿಯಾಗಿ 12 ಲಕ್ಷ, ಆಗಲೂ ನಮಗೆ ಸೊನ್ನೆ. ಕಂಪನಿಯ ಲಾಭ ಮಾತ್ರ ನಾಲ್ಕೂವರೆ ಲಕ್ಷಕ್ಕೆ ಇಳಿದು ತೆರಿಗೆ 1,13,256 ಆಗುತ್ತದೆ. ಆರು ಲಕ್ಷಕ್ಕೂ ಮಿಕ್ಕಿ ಉಳಿತಾಯ.

ಆಗ ಕಂಪನಿಯಲ್ಲಿ 3,36,744 ಉಳಿಯುತ್ತದಲ್ಲ, ಅದನ್ನೂ ಡಿವಿಡೆಂಡಾಗಿ ಹಂಚೋಣ ಎಂದ ಅಣ್ಣ. ಅಲ್ಲೇ ಕಾಲು ಜಾರುವುದು. ತಲಾ 1,68,372 ಸೇರಿದೊಡನೆ ಆದಾಯ 12 ಲಕ್ಷ ದಾಟುತ್ತದೆ, ರಿಯಾಯಿತಿ ಪೂರ್ತಿ ಹೋಗುತ್ತದೆ, ಒಬ್ಬೊಬ್ಬರಿಗೆ 88,666 ತೆರಿಗೆ. ಬಂದ ಡಿವಿಡೆಂಡಿನ ಅರ್ಧಕ್ಕಿಂತ ಹೆಚ್ಚು ತೆರಿಗೆಗೇ ಹೋಗುತ್ತದೆ. ಮನೆಗೆ ಬೇಕಿಲ್ಲದ ಹಣ ಕಂಪನಿಯಲ್ಲೇ ಇರಲಿ.

ಸಂಬಳ ಎಂದು ಮಾರ್ಚ್ 31ಕ್ಕೆ ಒಂದು ಎಂಟ್ರಿ ಹೊಡೆದರೆ ಸಾಲದು. ಏಪ್ರಿಲ್‌ನಲ್ಲೇ ಬೋರ್ಡ್ ನಿರ್ಣಯ ಬರೆದು, ಯಾರ ಕೆಲಸ ಏನು ಎಂದು ಅದರಲ್ಲಿ ಕಾಣಿಸಿ, ತಿಂಗಳು ತಿಂಗಳು ಬ್ಯಾಂಕಿನಿಂದ ಕೊಡಬೇಕು. ತೆರಿಗೆ ಸೊನ್ನೆ ಇದ್ದರೂ ಸಂಬಳದ ಟಿಡಿಎಸ್ ರಿಟರ್ನಿನಲ್ಲಿ ತೋರಿಸಬೇಕು. ಪ್ರೈವೇಟ್ ಕಂಪನಿಗೆ ಕಂಪನಿ ಕಾಯ್ದೆಯ ಸಂಬಳದ ಮಿತಿ ಇಲ್ಲ, ನಿಜ. ಆದರೆ ಮಾಡಿದ ಕೆಲಸಕ್ಕೆ ಮೀರಿದ್ದನ್ನು ಸೆಕ್ಷನ್ 40A(2) ಕೆಳಗೆ ಅಧಿಕಾರಿ ಖರ್ಚಿನಿಂದ ತೆಗೆದುಹಾಕಬಹುದು, ಪಡೆದವನ ತೆರಿಗೆ ಮಾತ್ರ ತಪ್ಪುವುದಿಲ್ಲ. ಮಿಲ್ಲಿಗೆ ಕಾಲಿಡದ ಅತ್ತಿಗೆಯನ್ನು ಡೈರೆಕ್ಟರ್ ಮಾಡಿ ಸಂಬಳ ಬರೆಯೋಣ ಎಂಬ ಮಾತು ಬಂದಾಗ ನಾನು ಬೇಡವೆಂದದ್ದು ಇದಕ್ಕೇ. ದುಡಿಯದವರಿಗೆ ಲಾಭ ಹೋಗಬೇಕೆಂದರೆ ಶೇರು ಕೊಟ್ಟು ಡಿವಿಡೆಂಡ್ ಕೊಡುವುದೇ ಸರಿ. ಅದು ಶೇರಿನ ಪ್ರಮಾಣಕ್ಕೇ ಹೋಗುತ್ತದೆ, ಕೆಲಸ ಕೇಳುವುದಿಲ್ಲ.

ಡೈರೆಕ್ಟರುಗಳ ಲೆಡ್ಜರನ್ನು ಪ್ರತಿ ತಿಂಗಳು ನೋಡಿ. ನೀವೇ ಕಂಪನಿಗೆ ಸಾಲ ಕೊಟ್ಟು ಜಮಾ ಬಾಕಿ ಇದ್ದರೆ, ಅದರೊಳಗೆ ತೆಗೆದದ್ದು ನಿಮ್ಮದೇ ಹಣ, 2(22)(e) ಅದನ್ನು ಮುಟ್ಟುವುದಿಲ್ಲ. ಅದು ಒಂದು ದಿನ ಡೆಬಿಟ್ಟಿಗೆ ತಿರುಗಿದರೂ ಅಪಾಯ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದು ಸೆಕ್ಷನ್ನುಗಳ ಸಂಖ್ಯೆ ಬದಲಾಗಿದೆ, ಹಳೆಯ ವರ್ಷಗಳಿಗೆ ಹಳೆಯವೇ ಅನ್ವಯ. ನಾವು ಈಗ ತಲಾ 12.75 ಲಕ್ಷವನ್ನೂ ತೆಗೆಯುತ್ತಿಲ್ಲ, 10 ಲಕ್ಷಕ್ಕೆ ನಿಲ್ಲಿಸಿದ್ದೇವೆ. ಹತ್ತಿ ಸೀಸನ್ನಿಗೆ ಕ್ಯಾಶ್ ಕ್ರೆಡಿಟ್ ಮಿತಿ ಏರಿಸಲು ಬ್ಯಾಂಕಿನವರು ನೋಡುವುದು ಕಂಪನಿಯ ನಿವ್ವಳ ಲಾಭ. ಸಂಬಳ ಏರಿಸಿದಷ್ಟೂ ಅದು ಇಳಿಯುತ್ತದೆ. ಐದೂವರೆ ಲಕ್ಷ ಲಾಭ ಹೆಚ್ಚು ತೋರಿಸಲು ಸುಮಾರು 1.38 ಲಕ್ಷ ತೆರಿಗೆ ಹೆಚ್ಚು ಕಟ್ಟುತ್ತೇವೆ. ಅಣ್ಣ ಇದಕ್ಕೂ ತಕರಾರು ಮಾಡಿದ, ಆದರೆ ನಿರ್ಣಯಕ್ಕೆ ಸಹಿ ಹಾಕಿದ.