ಮೂವತ್ತು ಸಾವಿರದಲ್ಲಿ ಲ್ಯಾಪ್‌ಟಾಪೋ, ಟ್ಯಾಬೋ?

ಬಿ.ಕಾಂ. ಸೇರಿದ ಮಗಳಿಗೆ ಏನು ಕೊಡಿಸಲಿ ಎಂದು ಅಂಗಡಿಯಲ್ಲಿ ಕೇಳುವ ಮೊದಲು ಅವಳ ಪಠ್ಯಕ್ರಮ ತೆಗೆದು ನೋಡಿ. ಮುಂದಿನ ಸೆಮಿಸ್ಟರ್‌ಗಳಲ್ಲಿ ಯಾವ ಸಾಫ್ಟ್‌ವೇರ್ ಬರುತ್ತದೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೀನಿಯರ್‌ಗಳನ್ನು ಕೇಳಿದರೆ ಇನ್ನೂ ಒಳ್ಳೆಯದು. ಮುಕ್ಕಾಲು ಪಾಲು ತೀರ್ಮಾನ ಆ ಚೀಟಿಯಲ್ಲೇ ಆಗಿಬಿಡುತ್ತದೆ.

ವಾಣಿಜ್ಯ ವಿದ್ಯಾರ್ಥಿಯ ಚೀಟಿಯಲ್ಲಿ ಸಾಮಾನ್ಯವಾಗಿ ಟ್ಯಾಲಿ, ಎಕ್ಸೆಲ್ ಇರುತ್ತವೆ. ಟ್ಯಾಲಿ ಪ್ರೈಮ್ ವಿಂಡೋಸ್‌ಗೆಂದೇ ಮಾಡಿದ್ದು. ಆಂಡ್ರಾಯ್ಡ್ ಟ್ಯಾಬ್‌ನಲ್ಲಾಗಲಿ ಐಪ್ಯಾಡ್‌ನಲ್ಲಾಗಲಿ ಇನ್‌ಸ್ಟಾಲ್ ಆಗುವುದಿಲ್ಲ. ಕಲಿಯಲು ಲೈಸೆನ್ಸ್ ಕೊಳ್ಳಬೇಕಿಲ್ಲ. ಅದರ ಎಜುಕೇಷನಲ್ ಮೋಡ್ ಉಚಿತ. ತಿಂಗಳ 1, 2 ಮತ್ತು ಕೊನೆಯ ದಿನಾಂಕಕ್ಕೆ ಮಾತ್ರ ವೋಚರ್ ಹಾಕಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಎಕ್ಸೆಲ್ ಟ್ಯಾಬ್‌ನಲ್ಲೂ ತೆರೆಯುತ್ತದೆ, ಆದರೆ ಮ್ಯಾಕ್ರೊ ಓಡುವುದಿಲ್ಲ. ಹಾಗಾಗಿ ಇವಳಿಗೆ ಲ್ಯಾಪ್‌ಟಾಪೇ ಬೇಕು.

ಕನ್ನಡ ಎಂ.ಎ., ಇತಿಹಾಸದಂಥ ವಿಷಯ ಓದುವವರಿಗೆ ಪಿಡಿಎಫ್ ಓದುವುದು, ಟಿಪ್ಪಣಿ ಬರೆಯುವುದು ಮುಖ್ಯ. ಅವರಿಗೆ ಟ್ಯಾಬ್ ಒಳ್ಳೆಯ ಆಯ್ಕೆ. ಆದರೆ ಕೀಬೋರ್ಡ್, ಪೆನ್, ಕವರ್‌ಗಳ ಬೆಲೆ ಕೂಡಿಸಿಯೇ ಲೆಕ್ಕ ಹಾಕಿ. ಹದಿನೆಂಟು ಸಾವಿರದ ಟ್ಯಾಬ್ ಇವೆಲ್ಲ ಸೇರಿ ಇಪ್ಪತ್ನಾಲ್ಕು ಸಾವಿರಕ್ಕೆ ಮುಟ್ಟಬಹುದು.

ಮೂವತ್ತು ಸಾವಿರದೊಳಗೆ ಹೊಸ ಲ್ಯಾಪ್‌ಟಾಪ್ ನೋಡುವಾಗ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್ ಇರುವುದನ್ನು ಬಿಟ್ಟುಬಿಡಿ. ವಿಂಡೋಸ್ ಅಪ್‌ಡೇಟ್‌ಗಳಿಗೇ ಜಾಗ ಸಾಲದೆ ಒದ್ದಾಡಬೇಕಾಗುತ್ತದೆ. ಕ್ರೋಮ್‌ಬುಕ್ ಅಗ್ಗಕ್ಕೆ ಸಿಕ್ಕರೂ ಟ್ಯಾಲಿ ಹಾಕಲಾಗುವುದಿಲ್ಲ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ, ಕಂಪನಿಗಳು ಬಳಸಿ ಬಿಟ್ಟ ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಇವೆರಡಕ್ಕಿಂತಲೂ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ.

ಅಲ್ಲಿ ದುಡ್ಡು ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಮೊದಲನೆಯದು ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. i5-8250U ಎಂದಿದ್ದರೆ ಗೆರೆಯ ನಂತರದ 8 ಅದನ್ನೇ ಹೇಳುತ್ತದೆ. i5-7200U ಎಂದಿದ್ದರೆ ಬೇಡ ಅನ್ನಿ, ಮಾರುವವರು ವಿಂಡೋಸ್ 11 ಹಾಕಿಕೊಟ್ಟಿದ್ದರೂ ಸರಿಯೇ.

ಎರಡನೆಯದು ಬ್ಯಾಟರಿ. ಸ್ಟಾರ್ಟ್ ಮೆನುವಿನಲ್ಲಿ cmd ತೆರೆದು ಇದನ್ನು ಟೈಪ್ ಮಾಡಿ:

```
powercfg /batteryreport
```

ವರದಿ ಎಲ್ಲಿ ಸೇವ್ ಆಯಿತೆಂದು ಪರದೆ ತೋರಿಸುತ್ತದೆ. ಅದನ್ನು ತೆರೆದು DESIGN CAPACITY, FULL CHARGE CAPACITY ಎರಡನ್ನೂ ಹೋಲಿಸಿ. ಮೊದಲನೆಯದು 45,000, ಎರಡನೆಯದು 27,000 ಇದ್ದರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ 60 ಮಾತ್ರ. ಆಗ ಹೊಸ ಬ್ಯಾಟರಿ ಹಾಕಿಕೊಡಲು ಕೇಳಿ, ಇಲ್ಲವೇ ಅದರ ಬೆಲೆಯನ್ನು ಕಳೆದುಕೊಡಲು ಹೇಳಿ. ವಾರಂಟಿ ಎಷ್ಟು ತಿಂಗಳು, ಅದರಲ್ಲಿ ಬ್ಯಾಟರಿ ಸೇರಿದೆಯೇ ಎಂಬುದನ್ನು ಜಿಎಸ್‌ಟಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.