ಹಸುರು ತಿರುಗಿದ ಉರ್ಲಗಡ್ಡೆ

ಅಗೆತದ ಕಾಲ ಬಂತೆಂದರೆ ಶ್ರೀನಿವಾಸಪುರದ ಸುತ್ತಿನ ಹೊಲಗಳಲ್ಲಿ ಒಂದೇ ಪ್ರಶ್ನೆಯನ್ನು ನಾನು ಹತ್ತು ಬಾಯಿಗಳಿಂದ ಕೇಳಬೇಕಾಗುವುದು. ಬೋದಿನ ಬದಿಯಲ್ಲಿ ಹೆಗಲು ಹಸುರಾದ ಗಡ್ಡೆಯೊಂದನ್ನು ಎತ್ತಿ ತೋರಿಸಿ, “ಸ್ವಾಮಿ, ಇದಿನ್ನೂ ಬಲಿತಿಲ್ಲ, ಎರಡು ದಿನ ಬಿಸಿಲಿಗೆ ಹಾಕಿದರೆ ಸರಿಹೋಗುತ್ತಲ್ಲವೇ?” ಎಂದು ರೈತರು ಕೇಳುವರು. ಮಾವಿನಕಾಯಿಯನ್ನು ಹಣ್ಣಿಗೆ ಹಾಕಿ ಬೆಳೆದ ಸೀಮೆಯಾದುದರಿಂದ ಹಸುರೆಂದರೆ ಎಳಸು ಎಂಬ ಭಾವನೆ ಇಲ್ಲಿ ಸಹಜವಾಗಿರಬಹುದು. ಆದರೆ ಆಲೂಗಡ್ಡೆಯ ವಿಷಯದಲ್ಲಿ ಅದು ಸಂಪೂರ್ಣ ತಲೆಕೆಳಗಾದ ತಿಳಿವಳಿಕೆ. ಆ ಗಡ್ಡೆ ಹಸುರಾಗಿರುವುದೇ ಬಿಸಿಲು ಕಂಡದ್ದರಿಂದ, ಮತ್ತು ಬಿಸಿಲಿಗೆ ಹಾಕಿದಷ್ಟೂ ಅದು ಕೆಡುವುದೇ ಹೊರತು ಬಲಿಯುವುದಿಲ್ಲ.

ಬದನೆ, ಟೊಮೇಟೊ, ಬೇಲಿಯ ಗಣಿಕೆ, ದತ್ತೂರಿಗಳು ಸೇರಿದ ಕುಲಕ್ಕೇ ಸೇರಿದ ಈ ಸಸ್ಯವು ಹುಳು ಹುಪ್ಪಟೆಗಳಿಂದ ತನ್ನನ್ನು ರಕ್ಷಿಸಿಕೊಳ್ಳಲು ಎಲೆ, ಹೂವು, ಮೊಳಕೆಗಳಲ್ಲಿ ಕಹಿಯಾದ ವಿಷವೊಂದನ್ನು ಶೇಖರಿಸುವುದು. ಅದಕ್ಕೆ ಸೊಲನಿನ್ ಎಂದು ಹೆಸರು. ಚಾಕೊನಿನ್ ಎಂಬ ಇನ್ನೊಂದು ಸದಾ ಅದರ ಜೊತೆಗಿರುವುದು. ಗಡ್ಡೆಯ ತಿರುಳಿನಲ್ಲಿ ಇವು ಅತ್ಯಲ್ಪ, ಸಿಪ್ಪೆಯಲ್ಲಿ ಹೆಚ್ಚು, ಕಣ್ಣುಗಳ ಸುತ್ತ ಇನ್ನೂ ಹೆಚ್ಚು, ಮೊಳಕೆಯಲ್ಲಂತೂ ತಿರುಳಿಗಿಂತ ಹತ್ತಾರು ಪಟ್ಟು. ಹಸುರು ಬಣ್ಣವು ಎಲೆಗಳಲ್ಲಿರುವ ಪತ್ರಹರಿತ್ತೇ ಆಗಿದ್ದು ತಾನು ನಿರಪಾಯಕಾರಿಯಾದರೂ, ಅದನ್ನು ಹುಟ್ಟಿಸಿದ ಬೆಳಕೇ ವಿಷವನ್ನೂ ಹೆಚ್ಚಿಸುವುದರಿಂದ ನಮಗೆ ಎಚ್ಚರಿಕೆಯ ಬಾವುಟದಂತೆ ಒದಗುವುದು. ಪೆಟ್ಟು ಬಿದ್ದ ಗಡ್ಡೆಯಲ್ಲಿ ಹಸುರಿಲ್ಲದೆಯೂ ವಿಷವೇರಬಲ್ಲದು. ಅಲ್ಲಿ ನಾಲಗೆಯೇ ಪರೀಕ್ಷಕ. ತತ್ತ್ವ ಇಷ್ಟು ಸಾಕು.

ಪ್ರಮಾಣದ ಲೆಕ್ಕವನ್ನು ಮಾತ್ರ ಸಾವಕಾಶವಾಗಿ ಓದಿಕೊಳ್ಳಬೇಕು. ಒಂದು ಕಿಲೋ ಹಸಿ ಗಡ್ಡೆಯಲ್ಲಿ ಈ ವಿಷಗಳೆರಡೂ ಕೂಡಿ 200 ಮಿಲಿಗ್ರಾಮನ್ನು ಮೀರಬಾರದೆಂಬುದು ಬಹುಕಾಲದಿಂದ ಒಪ್ಪಿ ಬಂದಿರುವ ಮಿತಿ. ಒಳ್ಳೆಯ ಗಡ್ಡೆಯಲ್ಲಿ ಅದು ಸಾಮಾನ್ಯವಾಗಿ 100ರೊಳಗೇ ಇರುವುದು. ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆಯು 2020ರಲ್ಲಿ ಪರಿಶೀಲಿಸಿದಂತೆ, ತಿನ್ನುವವರ ದೇಹತೂಕದ ಕಿಲೋ ಒಂದಕ್ಕೆ 1 ಮಿಲಿಗ್ರಾಮಿನಷ್ಟು ಹೊಟ್ಟೆಗೆ ಸೇರಿದರೆ ವಾಂತಿ ಭೇದಿಗಳು ಕಾಣಿಸಿಕೊಳ್ಳಬಹುದು. ಈಗ 20 ಕಿಲೋ ತೂಗುವ ಮಗುವೊಂದನ್ನು ತೆಗೆದುಕೊಳ್ಳಿ. ಅದಕ್ಕೆ ತೊಂದರೆಯಾಗಲು 20 ಮಿಲಿಗ್ರಾಂ ಸಾಕು. ಸಿಪ್ಪೆ ಸುಲಿದ ಒಳ್ಳೆಯ ಗಡ್ಡೆಯಲ್ಲಿ ಕಿಲೋಗೆ 40 ಇದೆಯೆಂದು ಹಿಡಿದರೆ ಅಷ್ಟು ವಿಷಕ್ಕೆ ಮಗುವು ಅರ್ಧ ಕಿಲೋ ತಿನ್ನಬೇಕಾಗುವುದು, ಅದು ಆಗದ ಮಾತು. ಅದೇ ಹಸುರು ತಿರುಗಿ 400ಕ್ಕೆ ಏರಿದ ಗಡ್ಡೆಯನ್ನು ಸಿಪ್ಪೆಸಹಿತ ಬೇಯಿಸಿ ಕೊಟ್ಟರೆ 50 ಗ್ರಾಂ, ಎಂದರೆ ಪಲ್ಯದ ನಾಲ್ಕು ಹೋಳು, ಸಾಕಾಗುವುದು. 60 ಕಿಲೋ ತೂಗುವ ತಂದೆಗೆ ಅದೇ ಪಲ್ಯ 150 ಗ್ರಾಂ ಬೇಕು. ಒಂದೇ ಪಾತ್ರೆಯ ಅಡಿಗೆ ಉಂಡು ದೊಡ್ಡವರು ಗಟ್ಟಿಯಾಗಿದ್ದು ಮಗು ಮಾತ್ರ ಮಲಗುವುದು ಈ ಕಾರಣದಿಂದಲೇ.

“ಚೆನ್ನಾಗಿ ಬೇಯಿಸಿದರೆ ವಿಷವೆಲ್ಲ ಹೋಗುತ್ತೆ” ಎನ್ನುವವರಿಗೆ ನಾನು ಉತ್ತರ ಹೇಳಿ ಸಾಕಾಗಿದೆ. ಹೋಗುವುದಿಲ್ಲ. ನೀರಿನ ಕುದಿಯಾಗಲಿ, ಬೋಂಡದ ಎಣ್ಣೆಯ ಕಾವಾಗಲಿ ಸೊಲನಿನ್ನನ್ನು ನಂಬುವಷ್ಟು ಮಟ್ಟಿಗೆ ಒಡೆಯಲಾರದು. ಇಂಗ್ಲೆಂಡಿನ ಲೆವಿಷಮ್ ಎಂಬಲ್ಲಿ 1969ರಲ್ಲಿ ಬೇಸಿಗೆಯ ರಜೆಗೆ ಮುನ್ನ ಉಳಿದುಹೋಗಿದ್ದ ಒಂದು ಚೀಲ ಆಲೂಗಡ್ಡೆಯನ್ನು ಶಾಲೆ ತೆರೆದ ಮೇಲೆ ಮಧ್ಯಾಹ್ನದ ಊಟಕ್ಕೆ ಬೇಯಿಸಿ ಬಡಿಸಿದಾಗ 78 ಹುಡುಗರು ವಾಂತಿ, ಭೇದಿ, ಹೊಟ್ಟೆನೋವುಗಳಿಂದ ಬಳಲಿದರು. 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರಿಗೆ ಬಡಿಸಿದ್ದು ಸಿಪ್ಪೆ ತೆಗೆದು ಬೇಯಿಸಿದ ಗಡ್ಡೆಯೇ ಆಗಿತ್ತೆಂಬುದನ್ನು ಗಮನಿಸಬೇಕು. ಉಂಡ ಕೂಡಲೇ ಅಲ್ಲ, ಏಳೆಂಟು ಗಂಟೆ ಕಳೆದ ಮೇಲೆ ಕಾಯಿಲೆ ಹತ್ತಿದುದು. ಹಾಗಾಗಿಯೇ ನಮ್ಮಲ್ಲಿ ರಾತ್ರಿ ಬಂದ ವಾಂತಿಗೆ ಮಧ್ಯಾಹ್ನದ ಪಲ್ಯದ ನೆನಪು ಯಾರಿಗೂ ಬಾರದು.

ಹಾಗಾದರೆ ಯಾವುದನ್ನು ಉಣ್ಣಬಹುದು? ಗಡ್ಡೆ ಗಟ್ಟಿಯಾಗಿದ್ದು, ಮೊಳಕೆ ಇನ್ನೂ ಬಿಳಿಯ ಮೊನೆಯಷ್ಟೇ ಇಣುಕಿದ್ದು, ಹಸುರಿಲ್ಲದಿದ್ದರೆ, ಮೊಳಕೆಯನ್ನು ಕಿತ್ತು ಕಣ್ಣಿನ ಗುಳಿಯನ್ನು ಚಾಕುವಿನ ಮೊನೆಯಿಂದ ಆಳವಾಗಿ ತೋಡಿ ತೆಗೆದು ಅಡಿಗೆ ಮಾಡಬಹುದು. ಹಸುರು ಅಂಗೈ ಗೆರೆಯಂತೆ ಒಂದು ಕಡೆ ತೆಳ್ಳಗಿದ್ದರೆ, ಆ ಭಾಗವನ್ನು ಬಿಳಿಯ ತಿರುಳು ಕಾಣುವ ತನಕವಲ್ಲ, ಅದಕ್ಕಿಂತಲೂ ಒಂದು ಗೋಧಿಕಾಳಿನಷ್ಟು ಒಳಗೆ ಕೆತ್ತಿ ಬಿಸುಡಬೇಕು. ಉಳಿದುದಕ್ಕೂ ಸಿಪ್ಪೆ ಇರಕೂಡದು. ಹಸುರು ಒಳಗಿಳಿದಿದ್ದರೆ, ಮೊಳಕೆ ನೀಳವಾಗಿ ಗಡ್ಡೆ ಸುಕ್ಕಿ ಮೆತ್ತಗಾಗಿದ್ದರೆ, ಬೇಯಿಸಿದ ತುತ್ತು ಕಹಿಯಾಗಿ ಗಂಟಲು ಉರಿದರೆ, ಆಸೆ ಬಿಡಬೇಕು. ಮಕ್ಕಳಿಗೂ ಬಸುರಿಯರಿಗೂ ಈ ಕೆತ್ತನೆಯ ಗಡ್ಡೆಯೂ ಬೇಡ. ಔಷಧಿಯಲ್ಲಿ ಅದ್ದಿ ಉಳಿದ ಬಿತ್ತನೆ ಗಡ್ಡೆಯನ್ನು ಅಡಿಗೆಮನೆಗೆ ತರುವವರೂ ಇರುವರಾದುದರಿಂದ ಅದನ್ನೂ ಹೇಳಿಬಿಡುವೆನು: ಅದು ಹಸುರಿರಲಿ ಬಿಡಲಿ, ತಿನ್ನುವ ವಸ್ತುವಲ್ಲ.

ಇಷ್ಟಕ್ಕೂ ಗಡ್ಡೆ ಹಸುರಾಗುವುದು ಅಡಿಗೆಮನೆಯಲ್ಲಲ್ಲ, ಬಹುಮಟ್ಟಿಗೆ ನಮ್ಮ ಹೊಲದಲ್ಲಿಯೇ. ವರ್ಷ ವರ್ಷವೂ ಮಾಡುತ್ತಿರುವ ತಪ್ಪು ಒಂದೇ: ಗಡ್ಡೆಗೆ ಬೆಳಕು ಕಾಣಿಸುವುದು. ಬಿತ್ತಿದ 25–30 ದಿನಕ್ಕೆ ಒಮ್ಮೆ ಮಣ್ಣು ಏರಿಸಿ, ಕೂಲಿ ಸಿಕ್ಕಲಿಲ್ಲವೆಂದು ಎರಡನೆಯ ಸಲ ಏರಿಸದೆ ಬಿಡುವರು. ಹನಿ ನೀರಿಗೂ ಮಳೆಗೂ ಬೋದು ಕುಸಿದು, ಬಿರುಕಿನೊಳಗಿನಿಂದ ಗಡ್ಡೆಗಳು ಸೂರ್ಯನನ್ನು ನೋಡುತ್ತಿರುವುವು. ಮೇಲಿನ ಗಡ್ಡೆಯ ಮೇಲೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಮಣ್ಣು ಕೊನೆಯವರೆಗೂ ನಿಂತಿರಬೇಕು. ಅಗೆಯುವ 8–10 ದಿನ ಮುಂಚೆ ಬಳ್ಳಿ ಕೊಯ್ದು, ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಕೀಳದಂತಾದ ಮೇಲೆ ಗಡ್ಡೆ ತೆಗೆಯಬೇಕು. ಮೈ ಆರಲು ಒಂದೆರಡು ಗಂಟೆ ನೆರಳಿನಲ್ಲಿದ್ದರೆ ಸಾಕು. ನಾನು ಕಾಣುವುದೇನು? ಲಾರಿ ಬರುವ ತನಕ ರಾಶಿ ಬಯಲಲ್ಲಿ ಮೂರು ದಿನ. ಅದರ ಮೇಲೆ ತೂತು ಬಿದ್ದ ಬಿಳಿಯ ಗೋಣಿ, ಇಲ್ಲವೇ ಹುಣಿಸೆಮರದ ಚುಕ್ಕೆ ನೆರಳು! ಹೊದಿಕೆಯೆಂದರೆ ಕೈ ತೂರಿಸಿದರೆ ಬೆರಳು ಕಾಣದಷ್ಟು ಒಣಹುಲ್ಲು. ಗೋದಾಮಿನ ಸಹಾಯಧನ ಬರಲಿ ಎಂದು ಕಾದವರ ಗಡ್ಡೆ ಕಾಯುವುದಿಲ್ಲವಾದುದರಿಂದ ಆ ವಿಷಯ ಇಲ್ಲಿ ಬರೆಯುವುದಿಲ್ಲ.

ಆರಿಸಿ ಬೇರೆ ಮಾಡಿದ ಹಸುರು ಗಡ್ಡೆಯನ್ನು ಕೂಲಿಯಾಳುಗಳ ಮಡಿಲಿಗೆ ಸುರಿಯುವ ಪದ್ಧತಿ ನಿಲ್ಲಬೇಕು; ಮಾರಲು ಬಾರದ್ದು ಅವರ ಮಕ್ಕಳಿಗೆ ಹೇಗೆ ಬಂದೀತು? ಕೊಟ್ಟಿಗೆಗೂ ಹಾಕಬಾರದು. ಹಸುರು ಗಡ್ಡೆ ಮತ್ತು ಮೊಳಕೆಗಳನ್ನು ಮೇದ ಹಸುವು ಜೊಲ್ಲು ಸುರಿಸಿ, ಮೇವು ಬಿಟ್ಟು, ಭೇದಿಯಾಗಿ ತೂರಾಡುವುದನ್ನು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ, ಏನು ಮೇಯಿಸಿದಿರೆಂಬುದನ್ನು ಮುಚ್ಚಿಡದೆ ಹೇಳಿರಿ. ಕಸದ ಗಡ್ಡೆಗೆ ಎರಡು ಅಡಿ ಆಳದ ಗುಂಡಿ ತೋಡಿ ಮುಚ್ಚಬೇಕು. ಬದುವಿನ ಮೇಲೆ ಎಸೆದರೆ ಅದೇ ಮೊಳೆತು ಮುಂದಿನ ಬೆಳೆಗೆ ಅಂಗಮಾರಿ ರೋಗವನ್ನು ದಾಟಿಸುವುದು.